ಬಿಲ್ಲಿಂಗ್ ಸಾಫ್ಟ್‌ವೇರ್ ತೆವಳ್ತಿದ್ರೆ ಮೇಜಿನ ಕೆಳಗೂ ಒಂದ್ಸಲ ನೋಡಿ: ಕೆಟ್ಟ ಸ್ಪ್ಲಿಟರ್ ಹಿಡಿಯೋದು ಹೇಗೆ, ಹಂತ ಹಂತವಾಗಿ

ನಮ್ದು ಸಾಗರದಲ್ಲಿ ದಿನಸಿ ಅಂಗಡಿ, ಎರಡು ಕೌಂಟರ್. ಹಿಂದೆ ಗೋಡೌನ್ ರೂಮಲ್ಲಿ ಮೇನ್ ಕಂಪ್ಯೂಟರ್ ಇದೆ, ಬಿಲ್ಲಿಂಗ್ ಡೇಟಾ ಎಲ್ಲಾ ಅದರಲ್ಲೇ ಇರೋದು, ರೌಟರ್ ಕೂಡ ಅಲ್ಲೇ. ಕೌಂಟರಲ್ಲಿರೋ ಎರಡು ಕಂಪ್ಯೂಟರ್‌ಗಳು ಲ್ಯಾನ್ ಕೇಬಲ್ ಮೂಲಕ ಆ ಮೇನ್ ಕಂಪ್ಯೂಟರಿನ ಫೋಲ್ಡರ್ ತೆಗೆದು ಬಿಲ್ ಮಾಡ್ತವೆ. ಸಣ್ಣ ಊರಿನ ಎಷ್ಟೋ ಅಂಗಡೀಲಿ ಇದೇ ತರ ಇರುತ್ತೆ, ಅದಕ್ಕೇ ಇದನ್ನ ಪೂರ್ತಿ ಬರೀತಿದೀನಿ.

ಹೋದ ಮಳೆಗಾಲದಲ್ಲಿ ಶುರುವಾಯ್ತು. ಬಾರ್‌ಕೋಡ್ ಹೊಡೆದ್ರೆ ಐಟಂ ಹೆಸರು ಬರೋಕೆ ನಾಲ್ಕು ಸೆಕೆಂಡ್, ಬಿಲ್ ಸೇವ್ ಮಾಡಿದ್ರೆ ಕೆಲವೊಮ್ಮೆ ಹದಿನೈದು ಸೆಕೆಂಡ್ ಸ್ಕ್ರೀನ್ ಬೆಳ್ಳಗೆ ಆಗಿ ನಿಂತುಬಿಡೋದು. ಬೆಳಿಗ್ಗೆ ಪರವಾಗಿಲ್ಲ, ಸಂಜೆ ಆರರ ಮೇಲೆ ನರಕ. ಗಿರಾಕಿ ದುಡ್ಡು ಕಳಿಸಿ, ಸೌಂಡ್ ಬಾಕ್ಸ್ ಕೂಗಿ, ಅವರು ಚೀಲ ಹಿಡ್ಕೊಂಡು ನಿಂತ್ರೂ ಬಿಲ್ ಮಾತ್ರ ಬಂದಿರ್ತಿರಲಿಲ್ಲ. "ಸಾವ್ಕಾರ್ರೇ, ಚೀಟಿ ಬರ್ದು ಕೊಟ್ಬಿಡಿ, ಬಸ್ ಹೋಗುತ್ತೆ" ಅಂತಿದ್ರು.

ನಾನು ಮಾಡಿದ ಖರ್ಚು ಕೇಳಿ. ಸಾಫ್ಟ್‌ವೇರ್ ಕೊಟ್ಟವರಿಗೆ ಫೋನ್ ಮಾಡಿದ್ರೆ ಡೇಟಾ ಜಾಸ್ತಿ ಆಗಿದೆ, ಹಳೆ ವರ್ಷದ್ದು ಬೇರೆ ಮಾಡಿ ಅಂದ್ರು, ಮಾಡಿಸ್ದೆ. ಕಂಪ್ಯೂಟರ್ ರಿಪೇರಿಯವರು ರ್‍ಯಾಮ್ ಹಾಕಿದ್ರು, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ್ರು. ನಾನೇ ಇಂಟರ್ನೆಟ್ ಪ್ಲಾನ್ ದೊಡ್ಡದು ಮಾಡ್ಕೊಂಡೆ. ಒಂದರಿಂದಲೂ ಏನೂ ಆಗ್ಲಿಲ್ಲ, ಯಾಕಂದ್ರೆ ತಪ್ಪು ಅವುಗಳಲ್ಲಿ ಇರಲೇ ಇಲ್ಲ. ಕೌಂಟರ್ ಮೇಜಿನ ಕೆಳಗೆ ಒಂದು ಲ್ಯಾನ್ ಸ್ಪ್ಲಿಟರ್ ಇತ್ತು, ಒಂದು ಕೇಬಲನ್ನ ಎರಡು ಮಾಡೋ ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿ. ತಪ್ಪು ಇದ್ದಿದ್ದು ಅದರೊಳಗೆ. ಅದನ್ನ ಹೇಗೆ ಕಂಡುಹಿಡಿದೆ, ನೀವು ಯಾವ ಕ್ರಮದಲ್ಲಿ ನೋಡ್ಬೇಕು ಅನ್ನೋದು ಮುಂದೆ ಇದೆ.

ಮೊದಲು ಬ್ಯಾಕಪ್

ಪರೀಕ್ಷೆಗಿಂತ ಮುಂಚೆ ಎಲ್ಲಾ ಕೌಂಟರಲ್ಲೂ ಸಾಫ್ಟ್‌ವೇರ್ ಕ್ಲೋಸ್ ಮಾಡಿ, ಡೇಟಾ ಫೋಲ್ಡರನ್ನ ಪೆನ್‌ಡ್ರೈವಿಗೆ ಕಾಪಿ ಮಾಡ್ಕೊಳಿ. ಡೇಟಾ ಫೈಲನ್ನ ನೆಟ್‌ವರ್ಕ್ ಮೇಲೇ ತೆರೆದು ಬರೆಯೋ ಸಾಫ್ಟ್‌ವೇರ್ ಆಗಿದ್ರೆ, ಬರೀತಾ ಇರೋವಾಗ ಕೇಬಲ್ ಸಂಪರ್ಕ ತಪ್ಪಿದ್ರೆ ಫೈಲ್ ಕೆಡಬಹುದು. ನಾವು ಮುಂದೆ ಕೇಬಲ್ ಕೀಳೋದು ಅಲ್ಲಾಡಿಸೋದು ಎಲ್ಲಾ ಮಾಡ್ತೀವಿ, ಆದ್ರಿಂದ ಇದನ್ನ ಬಿಡಬೇಡಿ. ಅಂಗಡಿ ಬಾಗಿಲು ಹಾಕಿದ ಮೇಲೆ ಮಾಡೋದು ಒಳ್ಳೇದು.

ಹಂತ 1: ಮೇನ್ ಕಂಪ್ಯೂಟರಲ್ಲೇ ಕೂತು ಒಂದು ಬಿಲ್ ಮಾಡಿ

ಇದು ಎರಡು ನಿಮಿಷದ ಕೆಲಸ, ನಾನು ಎರಡು ತಿಂಗಳು ಮಾಡ್ಲಿಲ್ಲ. ಮೊಬೈಲಲ್ಲಿ ಸ್ಟಾಪ್‌ವಾಚ್ ಇಟ್ಕೊಂಡು, ಹತ್ತು ಐಟಂ ಇರೋ ಒಂದು ಬಿಲ್ಲನ್ನ ಕೌಂಟರಲ್ಲಿ ಮಾಡಿ ಟೈಮ್ ಬರ್ಕೊಳಿ, ಆಮೇಲೆ ಅದೇ ಹತ್ತು ಐಟಂ ಅದೇ ಕ್ರಮದಲ್ಲಿ ಮೇನ್ ಕಂಪ್ಯೂಟರಲ್ಲಿ ಮಾಡಿ. ನಂಗೆ ಕೌಂಟರಲ್ಲಿ 1 ನಿಮಿಷ 10 ಸೆಕೆಂಡ್ ಹಿಡೀತು, ಗೋಡೌನಲ್ಲಿ ಇಪ್ಪತ್ತು ಸೆಕೆಂಡಿಗೆ ಮುಗೀತು. ಅಲ್ಲಿಗೆ ಸಾಫ್ಟ್‌ವೇರು, ಡೇಟಾ, ಮೇನ್ ಕಂಪ್ಯೂಟರಿನ ಡಿಸ್ಕು ಮೂರೂ ಸರಿಯಾಗಿವೆ ಅಂತಾಯ್ತು, ಉಳಿದಿದ್ದು ಎರಡರ ಮಧ್ಯ ಇರೋ ದಾರಿ, ಇಲ್ಲಾ ಕೌಂಟರ್ ಕಂಪ್ಯೂಟರ್.

ಮೇನ್ ಕಂಪ್ಯೂಟರಲ್ಲೂ ಅಷ್ಟೇ ನಿಧಾನ ಇದ್ರೆ ನಿಮ್ಮ ಸಮಸ್ಯೆ ಬೇರೆ. ಡಿಸ್ಕು, ಆ್ಯಂಟಿವೈರಸ್, ಡೇಟಾ ಫೈಲು ಇವುಗಳ ಕಡೆ ನೋಡಿ, ಕೇಬಲ್ ಹಿಂದೆ ಬೀಳಬೇಡಿ.

ಹಂತ 2: ದೊಡ್ಡ ಪಿಂಗ್ ಹೊಡೀರಿ

ಪಿಂಗ್ ಅಂದ್ರೆ ಒಂದು ಕಂಪ್ಯೂಟರ್ ಇನ್ನೊಂದಕ್ಕೆ "ಓಯ್" ಅಂದು, ಅದು "ಹೂಂ" ಅನ್ನೋದನ್ನ ಕಾಯೋದು ಅಷ್ಟೇ. ಕೌಂಟರ್ ಕಂಪ್ಯೂಟರಲ್ಲಿ ವಿಂಡೋಸ್ ಬಟನ್ ಒತ್ತಿ `cmd` ಅಂತ ಟೈಪ್ ಮಾಡಿ ಎಂಟರ್ ಹೊಡೀರಿ, ಕಪ್ಪು ಕಿಟಕಿ ಬರುತ್ತೆ. ಮೇನ್ ಕಂಪ್ಯೂಟರಿನ ಐಪಿ ನಂಬರ್ ಬೇಕು, ಅದು ಗೊತ್ತಿಲ್ಲ ಅಂದ್ರೆ ಮೇನ್ ಕಂಪ್ಯೂಟರಲ್ಲಿ ಇದೇ ಕಿಟಕಿ ತೆಗೆದು `ipconfig` ಹೊಡೆದ್ರೆ `IPv4 Address` ಅಂತ ತೋರ್ಸುತ್ತೆ. ನಮ್ದು 192.168.1.10. ಆಮೇಲೆ ಕೌಂಟರಿಂದ ಇವೆರಡನ್ನ ಒಂದಾದ ಮೇಲೊಂದು ಹೊಡೀರಿ:

```
ping -n 300 192.168.1.10
ping -n 300 -l 1400 192.168.1.10
```

ಸೆಕೆಂಡಿಗೊಂದರಂತೆ 300 ಸಲ ಹೋಗುತ್ತೆ, ಒಂದೊಂದಕ್ಕೆ ಐದು ನಿಮಿಷದ ಮೇಲೆ ಬೇಕು. ಮೊದಲನೇದರಲ್ಲಿ 32 ಬೈಟಿನ ಪುಟ್ಟ ಮಾತು, ಎರಡನೇದರಲ್ಲಿ 1400 ಬೈಟಿನ ದೊಡ್ಡ ಮಾತು. ಎರಡು ಯಾಕೆ ಅಂದ್ರೆ, ಕೇಬಲ್ಲಲ್ಲಿ ಅಲ್ಲೊಂದು ಇಲ್ಲೊಂದು ಬಿಟ್ ಕೆಡ್ತಿದ್ರೆ ಚಿಕ್ಕ ಪ್ಯಾಕೆಟ್ ಅದೃಷ್ಟದಿಂದ ದಾಟಿಬಿಡುತ್ತೆ, ಉದ್ದದ್ದು ಸಿಕ್ಕಿಬೀಳುತ್ತೆ, ಒಂದೇ ಒಂದು ಬಿಟ್ ತಪ್ಪಾದ್ರೂ ಇಡೀ ಪ್ಯಾಕೆಟನ್ನ ಆಚೆ ಕಡೆ ಎಸೆದುಬಿಡ್ತಾರೆ. ನಾಲ್ಕು ಸಲ ಬರೀ `ping` ಹೊಡೆದು "ನೆಟ್‌ವರ್ಕ್ ಚೆನ್ನಾಗಿದೆ" ಅಂತ ಹೇಳಿ ಹೋದವರು ನಮ್ಮಲ್ಲಿಗೂ ಬಂದಿದ್ರು.

ಒಳ್ಳೆ ಕೇಬಲ್ಲಲ್ಲಿ ಒಂದೂ ಕಳೀಬಾರದು, ಪ್ರತಿ ಸಾಲಲ್ಲೂ `time<1ms` ಇಲ್ಲಾ ಒಂದೆರಡು ಮಿಲಿಸೆಕೆಂಡ್ ಇರ್ಬೇಕು. ನಮ್ಮ ಮೊದಲನೇ ಕೌಂಟರಲ್ಲಿ ಚಿಕ್ಕದು 300ಕ್ಕೆ ಒಂದು ಹೋಯ್ತು, ದೊಡ್ಡದು 300ಕ್ಕೆ 9 ಹೋಯ್ತು, ಅಂದ್ರೆ ನೂರಕ್ಕೆ 3. ಎರಡನೇ ಕೌಂಟರಲ್ಲಿ ಒಂದೂ ಹೋಗ್ಲಿಲ್ಲ.

ನೂರಕ್ಕೆ ಮೂರು ಹೋದ್ರೆ ಏನಾಗುತ್ತೆ ಅಂತ ತಿಳ್ಕೊಳಿ

ನಂಗೂ ಮೊದ್ಲು ಮೂರು ಅಂದ್ರೆ ಏನು ಮಹಾ ಅನ್ಸಿತ್ತು, ಆದ್ರೆ ಲೆಕ್ಕ ಹಾಕಿ ನೋಡಿದ್ರೆ ನಮ್ಮ ನಾಲ್ಕು ಸೆಕೆಂಡ್ ಎಲ್ಲಿಂದ ಬಂತು ಅಂತ ಸರಿಯಾಗಿ ಸಿಗುತ್ತೆ.

ನೆಟ್‌ವರ್ಕ್ ಫೋಲ್ಡರಿಂದ ನಡೆಯೋ ಬಿಲ್ಲಿಂಗ್ ಸಾಫ್ಟ್‌ವೇರು ಫೈಲನ್ನ ಒಟ್ಟಿಗೆ ಎಳ್ಕೊಳಲ್ಲ. ಈ ತುಂಡು ಕೊಡು ಅಂತ ಕೇಳುತ್ತೆ, ಉತ್ತರ ಬಂದ ಮೇಲೆ ಮುಂದಿನ ತುಂಡು ಕೇಳುತ್ತೆ, ಹೀಗೆ ಒಂದು ಐಟಂ ಹುಡುಕೋಕೆ, ಸ್ಟಾಕ್ ನೋಡೋಕೆ, ರೇಟ್ ತರೋಕೆ ಅಂತ ನೂರಾರು ಸಲ ಓಡಾಡುತ್ತೆ. ಕೇಬಲ್ ಚೆನ್ನಾಗಿದ್ರೆ ಒಂದು ಓಡಾಟಕ್ಕೆ ಒಂದು ಮಿಲಿಸೆಕೆಂಡೂ ಬೇಡ, ಆದ್ರಿಂದ 400 ಓಡಾಟ ಅರ್ಧ ಸೆಕೆಂಡಲ್ಲಿ ಮುಗೀಬಹುದು. ಆದ್ರೆ ಒಂದು ಮಾತು ದಾರೀಲಿ ಕಳೆದುಹೋದ್ರೆ ಕಳಿಸಿದವರಿಗೆ ಅದು ಕಳೆದಿದೆ ಅಂತ ಗೊತ್ತಾಗಲ್ಲ, ಹಿಂದೆ ಬೇರೆ ಮಾತೂ ಹೋಗ್ತಿಲ್ಲ, ಸುಮ್ನೆ ಕಾಯ್ತಾರೆ. ವಿಂಡೋಸಲ್ಲಿ ಈ ಕಾಯೋದು ಸಾಮಾನ್ಯವಾಗಿ 300 ಮಿಲಿಸೆಕೆಂಡಿನ ಆಸುಪಾಸು, ಆಮೇಲೆ ಮತ್ತೆ ಕಳಿಸುತ್ತೆ, ಅದೂ ಕಳೆದ್ರೆ ಮುಂದಿನ ಸಲ ಎರಡರಷ್ಟು ಕಾಯುತ್ತೆ. ಈಗ 400 ಓಡಾಟದಲ್ಲಿ ನೂರಕ್ಕೆ 3 ಅಂದ್ರೆ 12 ಕಳೀತು, 12 ಸಲ 0.3 ಸೆಕೆಂಡ್ ಅಂದ್ರೆ 3.6 ಸೆಕೆಂಡ್. ನಾವು ಸ್ಕ್ರೀನ್ ಮುಂದೆ ಕೂತು ಕಾಯ್ತಿದ್ದಿದ್ದು ಇದನ್ನೇ.

ಯೂಟ್ಯೂಬ್ ಯಾಕೆ ನಿಲ್ತಿರಲಿಲ್ಲ ಅಂತ ಕೇಳಬಹುದು. ವೀಡಿಯೋದಲ್ಲಿ ಪ್ಯಾಕೆಟ್ಟುಗಳು ಒಂದರ ಹಿಂದೊಂದು ಸಾಲಾಗಿ ಬರ್ತಿರ್ತವೆ, ಮಧ್ಯದ ಒಂದು ಕಾಣೆಯಾದ್ರೆ ಹಿಂದಿನವು ಬಂದಾಗಲೇ ಗೊತ್ತಾಗುತ್ತೆ, ತಕ್ಷಣ ಮತ್ತೆ ತರಿಸ್ಕೊಳುತ್ತೆ, ಜೊತೆಗೆ ಮುಂದಿನ ಕೆಲವು ಸೆಕೆಂಡಿನ ವೀಡಿಯೋ ಮೊದಲೇ ತಂದಿಟ್ಟಿರುತ್ತೆ. ಇನ್ನು ನಾನು ಮಾಡ್ತಿದ್ದ ಸ್ಪೀಡ್ ಟೆಸ್ಟು ಮೊಬೈಲಲ್ಲಿ, ವೈಫೈ ಮೇಲೆ, ಅದು ಆ ಕೇಬಲ್ಲನ್ನ ಮುಟ್ಟೋದೇ ಇಲ್ಲ.

ಇನ್ನೊಂದು ವಿಷಯ ನನ್ನನ್ನ ತುಂಬಾ ದಿನ ದಾರಿ ತಪ್ಪಿಸಿತ್ತು. ಎರಡನೇ ಕೌಂಟರಿನ ಕೇಬಲ್ ಚೆನ್ನಾಗೇ ಇತ್ತು, ಆದ್ರೂ ಸಂಜೆ ಅದೂ ನಿಲ್ತಿತ್ತು. ಕಾರಣ ಏನಂದ್ರೆ ಬಿಲ್ ಸೇವ್ ಆಗೋವಾಗ ಬಿಲ್ ನಂಬರು ಸ್ಟಾಕು ಎರಡು ಕಡೆ ಒಟ್ಟಿಗೆ ಬದಲಾಗಬಾರ್ದು ಅಂತ ಸಾಫ್ಟ್‌ವೇರ್ ಸ್ವಲ್ಪ ಹೊತ್ತು ಬೀಗ ಹಾಕ್ಕೊಳುತ್ತೆ. ಮೊದಲನೇ ಕೌಂಟರ್ ಬೀಗ ಹಿಡ್ಕೊಂಡು ಕೆಟ್ಟ ಕೇಬಲ್ಲಲ್ಲಿ ತೆವಳ್ತಿದ್ರೆ ಎರಡನೇದು ಬೀಗ ಬಿಡೋದನ್ನ ಕಾಯ್ತಾ ನಿಲ್ಲುತ್ತೆ. ಎರಡೂ ನಿಧಾನ ಇದೆ ಅಂದ್ರೆ ಎರಡೂ ಕೆಟ್ಟಿದೆ ಅಂತಲ್ಲ. ಒಂದು ಕೌಂಟರ್ ಪೂರ್ತಿ ಆಫ್ ಮಾಡಿ ಇನ್ನೊಂದರಲ್ಲಿ ಬಿಲ್ ಮಾಡಿ ನೋಡಿ, ಆಮೇಲೆ ಅದಲು ಬದಲು ಮಾಡಿ, ಯಾವುದು ರೋಗಿ ಅಂತ ಗೊತ್ತಾಗುತ್ತೆ.

ಹಂತ 3: ಎರಡು ಸಣ್ಣ ಸಾಕ್ಷಿ

ರೋಗಿ ಕೌಂಟರಿನ ಕಪ್ಪು ಕಿಟಕೀಲಿ ಇದನ್ನ ಹೊಡೀರಿ:

```
netstat -e
```

ಬರೋ ಪಟ್ಟೀಲಿ `Errors` ಅನ್ನೋ ಸಾಲು ನೋಡಿ, `Received` ಮತ್ತೆ `Sent` ಅಂತ ಎರಡು ನಂಬರ್ ಇರುತ್ತೆ. ಸಾಮಾನ್ಯವಾಗಿ ಎರಡೂ ಸೊನ್ನೆ. ನಮ್ದು `Received` ಕೆಳಗೆ ಸಾವಿರಗಟ್ಟಲೆ ಇತ್ತು, ಎರಡು ನಿಮಿಷ ಬಿಟ್ಟು ಮತ್ತೆ ಹೊಡೆದ್ರೆ ಇನ್ನೂ ಏರಿತ್ತು. ಹೀಗೆ ಏರ್ತಿದ್ರೆ ಕೇಬಲ್, ಪ್ಲಗ್, ಪೋರ್ಟ್ ಇವುಗಳಲ್ಲಿ ಎಲ್ಲೋ ತಪ್ಪಿದೆ. ಆದ್ರೆ ಇಲ್ಲೊಂದು ಮಿತಿ ಇದೆ, ಕೆಟ್ಟು ಬಂದಿದ್ದನ್ನ ಎಣಿಸೋದು ತಗೊಳೋ ಕಡೆಯವರು ಮಾತ್ರ, ಮತ್ತೆ ಕೆಲವು ನೆಟ್‌ವರ್ಕ್ ಕಾರ್ಡುಗಳು ಸರಿಯಾಗಿ ಎಣಿಸೋದೂ ಇಲ್ಲ. ಸೊನ್ನೆ ಇದೆ ಅಂತ ಕೇಬಲ್ಲನ್ನ ಬಿಟ್ಟುಬಿಡಬೇಡಿ, ಪಿಂಗ್ ಹೇಳಿದ್ದನ್ನೇ ನಂಬಿ.

ಎರಡನೇದು ಫೈಲ್ ಕಾಪಿ. 500 ಎಂಬಿಯ ಒಂದು ವೀಡಿಯೋ ಫೈಲನ್ನ ಮೇನ್ ಕಂಪ್ಯೂಟರಿಂದ ಕೌಂಟರಿಗೆ ಎಳ್ಕೊಳಿ. 100 ಎಂಬಿಪಿಎಸ್ ಲೈನಲ್ಲಿ ಸೆಕೆಂಡಿಗೆ ಸುಮಾರು 11 ಎಂಬಿ ಬರ್ಬೇಕು, ಅಂದ್ರೆ ಮುಕ್ಕಾಲು ನಿಮಿಷ. ನಮಗೆ ಆರು ನಿಮಿಷ ಆಯ್ತು, ಕಾಪಿ ಆಗೋ ಹಸಿರು ಗ್ರಾಫು ಘಟ್ಟದ ರಸ್ತೆ ತರ ಏರಿ ಇಳಿದು ಆಗಾಗ ನೆಲಕ್ಕೇ ಬೀಳ್ತಿತ್ತು.

ಹಂತ 4: ದಾರೀಲಿ ಏನೇನಿದೆ ಅಂತ ಕಣ್ಣಾರೆ ನೋಡಿ

ಒಂದು ಹಾಳೆ ತಗೊಂಡು ಮೇನ್ ಕಂಪ್ಯೂಟರಿಂದ ಕೌಂಟರ್ ತನಕ ಕೇಬಲ್ ಹಿಂದೇನೇ ಹೋಗಿ, ಸಿಕ್ಕಿದ್ದನ್ನೆಲ್ಲಾ ಬರೀರಿ. ನಮ್ದು ಹೀಗಿತ್ತು: ಮೇನ್ ಕಂಪ್ಯೂಟರ್, ರೌಟರ್, ರೌಟರಿನ ಎರಡು ಪೋರ್ಟಿಂದ ಎರಡು ಗೇಣುದ್ದದ ಕೇಬಲ್, ಅವೆರಡೂ ಸೇರೋ ಒಂದು ಸ್ಪ್ಲಿಟರ್, ಅಲ್ಲಿಂದ ಅಟ್ಟದ ಮೇಲೆ ಹಾದು ಬರೋ ಉದ್ದ ಕೇಬಲ್, ಕೌಂಟರ್ ಮೇಜಿನ ಕೆಳಗೆ ಇನ್ನೊಂದು ಸ್ಪ್ಲಿಟರ್, ಅದರಿಂದ ಎರಡು ಕಂಪ್ಯೂಟರಿಗೆ ಎರಡು ಕೇಬಲ್. ಎರಡನೇ ಕೌಂಟರ್ ಹಾಕಿದಾಗ ಮತ್ತೆ ಗೋಡೆ ಕೊರೆಯೋದು ಬೇಡ ಅಂತ ಹಾಕ್ಸಿದ್ದು, ಹಾಕಿದ ಮೇಲೆ ಅದು ಅಲ್ಲಿದೆ ಅನ್ನೋದೇ ಮರೆತುಹೋಗಿತ್ತು.

ಈ ಸ್ಪ್ಲಿಟರ್ ಒಳಗೆ ಏನೂ ಬುದ್ಧಿ ಇಲ್ಲ, ಬರೀ ತಂತಿ. ಲ್ಯಾನ್ ಕೇಬಲ್ಲಲ್ಲಿ ಎಂಟು ತಂತಿ, ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ ಎರಡೇ ಜೋಡಿ ಸಾಕು, ಅವು 1, 2, 3, 6ನೇ ಪಿನ್ನಲ್ಲಿರ್ತವೆ. ಉಳಿದ 4, 5, 7, 8 ಖಾಲಿ. ಸ್ಪ್ಲಿಟರ್ ಮೊದಲನೇ ಕಂಪ್ಯೂಟರಿಗೆ ಆ ಎರಡು ಜೋಡಿ ಕೊಟ್ಟು, ಎರಡನೇ ಕಂಪ್ಯೂಟರನ್ನ ಖಾಲಿ ಜೋಡಿಗಳ ಮೇಲೆ ಕೂರಿಸುತ್ತೆ, ಆಚೆ ಕಡೆಯ ಸ್ಪ್ಲಿಟರ್ ಅವನ್ನ ಮತ್ತೆ ಬೇರೆ ಮಾಡುತ್ತೆ. ಅದಕ್ಕೇ ಇದು ಯಾವತ್ತೂ ಜೋಡೀಲೇ ಇರ್ಬೇಕು, ಎರಡೂ ತುದೀಲಿ ಒಂದೊಂದು. ಒಂದೇ ತುದಿಗೆ ಹಾಕಿದ್ರೆ ಎರಡು ಕಂಪ್ಯೂಟರ್ ಒಟ್ಟಿಗೆ ಕೆಲಸ ಮಾಡೋದಿಲ್ಲ. ಜೋಡಿ ಸರಿಯಾಗಿದ್ರೂ ಗಿಗಾಬಿಟ್ ಸಿಗಲ್ಲ, ಅದಕ್ಕೆ ನಾಲ್ಕೂ ಜೋಡಿ ಬೇಕು. ಬಿಲ್ಲಿಂಗಿಗೆ 100 ಸಾಕಾಗುತ್ತೆ, ಆದ್ರಿಂದ ಸ್ಪ್ಲಿಟರ್ ಇದೆ ಅನ್ನೋದೇ ತಪ್ಪಲ್ಲ, ಅದು ಕೆಟ್ಟಿದ್ಯಾ ಅನ್ನೋದು ಪ್ರಶ್ನೆ. ಒಂದು ಕೌಂಟರ್ ಚೆನ್ನಾಗಿದ್ದು ಇನ್ನೊಂದು ಕೆಟ್ಟಿದ್ದಿದ್ದೂ ಇದರಿಂದಲೇ, ಇಬ್ಬರದ್ದೂ ಒಂದೇ ಕೇಬಲ್ ಆದ್ರೂ ತಂತಿ ಬೇರೆ ಬೇರೆ.

ಹಂತ 5: ಪಿಂಗ್ ಓಡ್ತಾ ಇರೋವಾಗ ಕೈ ಹಾಕಿ

ಇದೇ ಮುಖ್ಯವಾದ ಹಂತ. ನಿಲ್ಲದೇ ಓಡೋ ಪಿಂಗ್ ಬಿಡಿ:

```
ping -t -l 1400 192.168.1.10
```

ಒಬ್ಬರು ಸ್ಕ್ರೀನ್ ನೋಡ್ತಿರ್ಲಿ, ಇನ್ನೊಬ್ಬರು ದಾರೀಲಿರೋ ಒಂದೊಂದು ಜಾಯಿಂಟನ್ನ ಮೆಲ್ಲಗೆ ಅಲ್ಲಾಡಿಸಿ, ಒಂದೊಂದಕ್ಕೆ ಅರ್ಧ ನಿಮಿಷ ಕೊಡಿ. ಮೊದಲು ಕಂಪ್ಯೂಟರ್ ಹಿಂದಿನ ಪ್ಲಗ್, ಆಮೇಲೆ ಸ್ಪ್ಲಿಟರ್, ಆಮೇಲೆ ರೌಟರ್ ಕಡೆ. ಎಳೀಬೇಡಿ, ಬೆರಳಲ್ಲಿ ಸ್ವಲ್ಪ ಆ ಕಡೆ ಈ ಕಡೆ ಮಾಡಿದ್ರೆ ಸಾಕು.

ನಮ್ಮಲ್ಲಿ ಕೈ ಹಾಕೋ ಮುಂಚೆಯೇ ಸಿಕ್ತು. ಅಂಗಡಿ ಹುಡುಗ ಸ್ಕ್ರೀನ್ ನೋಡ್ತಾ ಕೂತಿದ್ದ, ನಾನು ದಿನದ ದುಡ್ಡು ಎಣಿಸಿ ಗಲ್ಲಾ ಡ್ರಾಯರನ್ನ ತಳ್ಳಿದೆ. "ಅಣ್ಣಾ, ಈಗ ಹೋಯ್ತು ನೋಡಿ" ಅಂದ. `Request timed out.` ಮತ್ತೆ ತೆಗೆದು ತಳ್ಳಿದೆ, ಮತ್ತೆ ಹೋಯ್ತು. ಐದು ಸಲ ತಳ್ಳಿದ್ರೆ ನಾಲ್ಕು ಸಲ. ಡ್ರಾಯರ್ ಮುಚ್ಚಿದಾಗ ಅದರ ಹಿಂಬದಿ ಹಲಗೆ ಬಡಿಯೋ ಜಾಗಕ್ಕೇ ಸ್ಪ್ಲಿಟರನ್ನ ಟೇಪ್ ಹಾಕಿ ಅಂಟಿಸಿದ್ರು. ಸಂಜೆ ಯಾಕೆ ಜಾಸ್ತಿ ಅನ್ನೋದು ಆಗ ಗೊತ್ತಾಯ್ತು, ಸಂಜೆ ವ್ಯಾಪಾರ ಜಾಸ್ತಿ, ಪ್ರತಿ ಬಿಲ್ಲಿಗೂ ಡ್ರಾಯರ್ ತೆಗೆದು ಮುಚ್ಚಬೇಕು, ಅಂದ್ರೆ ಸರಿಯಾಗಿ ಬಿಲ್ ಸೇವ್ ಆಗೋ ಹೊತ್ತಿಗೇ ಸ್ಪ್ಲಿಟರಿಗೆ ಪೆಟ್ಟು ಬೀಳ್ತಿತ್ತು.

ಕಿತ್ತು ಟಾರ್ಚ್ ಬೆಳಕಲ್ಲಿ ನೋಡಿದ್ವಿ. ಪೋರ್ಟೊಳಗೆ ಎಂಟು ತೆಳ್ಳಗಿನ ಬಂಗಾರದ ಬಣ್ಣದ ಸ್ಪ್ರಿಂಗ್ ತಂತಿ ಒಂದೇ ಸಾಲಲ್ಲಿ ಮೇಲೆದ್ದು ನಿಂತಿರ್ಬೇಕು. ಎರಡನೇ ಪೋರ್ಟಲ್ಲಿ ಹಾಗೇ ಇತ್ತು. ಮೊದಲನೇ ಪೋರ್ಟಲ್ಲಿ ಆರನೇ ತಂತಿ ಉಳಿದವಕ್ಕಿಂತ ಕೂದಲೆಳೆಯಷ್ಟು ಕೆಳಗೆ ಕೂತುಬಿಟ್ಟಿತ್ತು, ಅದರ ತುದಿ ಹಸಿರುಗಪ್ಪು ಆಗಿತ್ತು, ಬುಡದಲ್ಲಿ ಹಿಟ್ಟಿನ ಧೂಳು ಮಳೆಗಾಲದ ಥಂಡಿಗೆ ಅಂಟಾಗಿ ಹಿಡಿದಿತ್ತು. ಆ ಆರನೇ ತಂತಿ ಪ್ಲಗ್ಗನ್ನ ಮುಟ್ಟಿಯೂ ಮುಟ್ಟದ ಹಾಗಿತ್ತು. ಪೂರ್ತಿ ಬಿಟ್ಟಿದ್ರೆ ಲಿಂಕೇ ಹೋಗಿ ಅವತ್ತೇ ಸಿಕ್ಕಿಬೀಳ್ತಿತ್ತು.

ಹಂತ 6: ಸ್ಪ್ಲಿಟರ್ ಇಲ್ಲದೇ ಓಡಿಸಿ ಖಾತ್ರಿ ಮಾಡ್ಕೊಳಿ

ನೋಡೋಕೆ ಕೆಟ್ಟಿದೆ ಅಂತ ಅಲ್ಲಿಗೇ ತೀರ್ಮಾನ ಮಾಡಬೇಡಿ, ಅಟ್ಟದ ಕೇಬಲ್ಲನ್ನ ಇಲಿ ಕಡಿದಿರಬಹುದು. ಎರಡೂ ತುದಿಯ ಸ್ಪ್ಲಿಟರ್ ತೆಗೆದು, ಉದ್ದ ಕೇಬಲ್ಲಿನ ಒಂದು ತುದಿಯನ್ನ ನೇರ ರೌಟರಿಗೆ, ಇನ್ನೊಂದನ್ನ ನೇರ ರೋಗಿ ಕೌಂಟರಿಗೆ ಹಾಕಿ. ಬೇರೆ ಏನನ್ನೂ ಬದಲಾಯಿಸಬೇಡಿ, ಒಂದು ಸಲಕ್ಕೆ ಒಂದೇ ವಸ್ತು. ಮತ್ತೆ 300 ದೊಡ್ಡ ಪಿಂಗ್. ನಮಗೆ ಸೊನ್ನೆ ಬಂತು, ಡ್ರಾಯರ್ ಎಷ್ಟು ಬಡಿದ್ರೂ ಸೊನ್ನೆ. ಇಲ್ಲೂ ಹೋಗ್ತಿದ್ರೆ ಪ್ಲಗ್ ಹೊಸದಾಗಿ ಕ್ರಿಂಪ್ ಮಾಡ್ಸಿ, ಆಮೇಲೆ ಕೇಬಲ್, ಕೊನೇಗೆ ರೌಟರ್ ಪೋರ್ಟ್ ಬದಲಾಯಿಸಿ ನೋಡಿ.

ಹಂತ 7: ಸ್ಪ್ಲಿಟರ್ ಜಾಗಕ್ಕೆ ಸ್ವಿಚ್

ಹೊಸ ಸ್ಪ್ಲಿಟರ್ ತರೋಕೆ ಹೋಗಬೇಡಿ, ಧೂಳು ಥಂಡಿ ಇರೋ ಜಾಗದಲ್ಲಿ ಅದೂ ಇದೇ ದಾರಿ ಹಿಡಿಯುತ್ತೆ. ಐದು ಪೋರ್ಟಿನ ಗಿಗಾಬಿಟ್ ಸ್ವಿಚ್ ತಗೊಳಿ, ಸೆಟ್ಟಿಂಗ್ ಏನೂ ಇಲ್ಲದ ಸಾದಾ ಸ್ವಿಚ್ ಸಾಕು. ಅದಕ್ಕೆ ಕರೆಂಟ್ ಬೇಕು, ಕೌಂಟರ್ ಕಂಪ್ಯೂಟರಿನ ಯುಪಿಎಸ್‌ಗೇ ಕೊಡಿ, ಇಲ್ಲಾಂದ್ರೆ ಕರೆಂಟ್ ಹೋದ ತಕ್ಷಣ ಎರಡೂ ಕೌಂಟರ್ ಮೇನ್ ಕಂಪ್ಯೂಟರಿಂದ ಕಳಚ್ಕೊಳುತ್ತೆ.

ಜೋಡಿಸೋವಾಗ ಒಂದು ತಪ್ಪು ಸುಲಭವಾಗಿ ಆಗುತ್ತೆ. ಕೌಂಟರ್ ಕಡೆ ಸ್ವಿಚ್ ಇಟ್ಟು, ಗೋಡೌನ್ ಕಡೆ ಹಳೇ ಸ್ಪ್ಲಿಟರ್ ಹಾಗೇ ಬಿಡೋದು. ಎರಡೂ ಕಡೆಯದು ತೆಗೀಲೇಬೇಕು. ರೌಟರಿನ ಒಂದೇ ಪೋರ್ಟಿಂದ ಉದ್ದ ಕೇಬಲ್, ಅದು ಸ್ವಿಚ್ಚಿಗೆ, ಸ್ವಿಚ್ಚಿಂದ ಎರಡು ಕಂಪ್ಯೂಟರಿಗೆ ಒಂದೊಂದು ಕೇಬಲ್. ರೌಟರಿಂದ ಸ್ವಿಚ್ಚಿಗೆ ಎರಡು ದಾರಿ ಆಗೋ ಹಾಗೆ ಯಾವತ್ತೂ ಹಾಕಬೇಡಿ, ಸಾದಾ ಸ್ವಿಚ್ಚಲ್ಲಿ ಪ್ಯಾಕೆಟ್ಟುಗಳು ಆ ಸುತ್ತಲ್ಲೇ ತಿರುಗಿ ತಿರುಗಿ ಇಡೀ ನೆಟ್‌ವರ್ಕ್ ನಿಂತುಹೋಗುತ್ತೆ, ಎಲ್ಲಾ ಲೈಟು ಒಟ್ಟಿಗೆ ಹುಚ್ಚು ಹಿಡಿದ ಹಾಗೆ ಮಿನುಗುತ್ತೆ.

ಜೋಡಿಸಿದ ಮೇಲೆ ಪವರ್‌ಶೆಲ್ ತೆಗೆದು ಲಿಂಕ್ ಸ್ಪೀಡ್ ನೋಡಿ:

```
Get-NetAdapter
```

`LinkSpeed` ಕೆಳಗೆ `1 Gbps` ಬಂದ್ರೆ ಕೇಬಲ್ಲಿನ ಎಂಟೂ ತಂತಿ ಜೋಡಣೆ ಆಗಿದೆ ಅಂತ. ಇಲ್ಲಿ ಕಾಣೋದು ಕಂಪ್ಯೂಟರಿಂದ ಸ್ವಿಚ್ ತನಕದ್ದು ಮಾತ್ರ, ಸ್ವಿಚ್ಚಿಂದ ರೌಟರ್ ತನಕದ್ದಕ್ಕೆ ಸ್ವಿಚ್ ಮೇಲಿನ ಲೈಟ್ ನೋಡ್ಬೇಕು. ರೌಟರಿನ ಪೋರ್ಟೇ 100ರದ್ದಾಗಿದ್ರೆ ಅಷ್ಟೇ ಸಿಗೋದು, ತೊಂದ್ರೆ ಇಲ್ಲ.

ಸ್ವಿಚ್ಚನ್ನ ಡ್ರಾಯರಿಂದ ದೂರ, ಮೇಜಿನ ಪಕ್ಕದ ಗೋಡೆಗೆ ನೆಲದಿಂದ ಎರಡಡಿ ಮೇಲೆ ಸ್ಕ್ರೂ ಹಾಕಿ ಕೂರಿಸಿದ್ವಿ, ಖಾಲಿ ಪೋರ್ಟುಗಳಿಗೆ ಧೂಳು ಹೋಗದ ಹಾಗೆ ಟೇಪ್ ಹಚ್ಚಿದ್ವಿ. ಮಾರನೇ ದಿನ ಶನಿವಾರ, ವ್ಯಾಪಾರ ಜೋರು. ಕೌಂಟರ್ ಕಂಪ್ಯೂಟರಲ್ಲಿ ಹಿಂದುಗಡೆ ದೊಡ್ಡ ಪಿಂಗನ್ನ 3600ಕ್ಕೆ ಇಟ್ಟು ಸಂಜೆ ಆರರಿಂದ ಏಳರ ತನಕ ಓಡಿಸ್ದೆ, ಅರ್ಧ ಗಂಟೆಗೊಂದ್ಸಲ ಹುಡುಗ ಹೋಗಿ ನೋಡಿ ಬರ್ತಿದ್ದ. ಮುಗಿದಾಗ `Lost = 0`. ಅದೇ ಹತ್ತು ಐಟಂ ಬಿಲ್ಲು ಕೌಂಟರಲ್ಲಿ ಇಪ್ಪತ್ತೆರಡು ಸೆಕೆಂಡಿಗೆ ಆಯ್ತು, `netstat -e` ಕೊಟ್ಟ `Errors` ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದ ಮೇಲಿಂದ ಸೊನ್ನೆಯಲ್ಲೇ ಇದೆ.